ದಿನವನ್ನು ಕೊಯ್ಯುವ ಮಾತು

ಹುಮನಾಬಾದ ಬಸ್ ನಿಲ್ದಾಣದ ಎದುರಿನ ಗೋಡೆಗೆ ಹೊಸ ಬಣ್ಣ ಬಂದಿದೆ. ಯಾವುದೋ ಕೋಚಿಂಗ್ ಕ್ಲಾಸಿನವರ ಜಾಹೀರಾತು. ಹಳದಿಯ ಮೇಲೆ ಕೆಂಪಕ್ಷರ: ‘ಕಾರ್ಪೆ ಡಿಯೆಮ್! ಇಂದೇ ಹಿಡಿಯಿರಿ, ಇಂದೇ ಸೇರಿರಿ!’ ಪಕ್ಕದಲ್ಲಿ ಸೂರ್ಯನನ್ನು ಮುಷ್ಟಿಯಲ್ಲಿ ಬಿಗಿಹಿಡಿದ ಒಂದು ಕೈ. ಬಣ್ಣ ಇನ್ನೂ ಪೂರ್ತಿ ಒಣಗಿಲ್ಲ. ಬೇಸಿಗೆಯ ಬಿಸಿಗಾಳಿಯಲ್ಲಿ ಟರ್ಪೆಂಟೈನಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬಸವಕಲ್ಯಾಣದ ಬಸ್ಸಿಗೆ ಕಾಯುತ್ತ ನಾನು ಆ ಮುಷ್ಟಿಯನ್ನೇ ನೋಡುತ್ತ ನಿಂತೆ. ನೀವಾದರೆ ನಕ್ಕು ಮುಂದೆ ಹೋಗುತ್ತಿದ್ದಿರಿ. ನನಗೆ ಮಾತ್ರ ಹೋದ ವರ್ಷದ ದಸರೆ ಮುಗಿದ ಮೇಲಿನ ದಿನಗಳೆಲ್ಲ ಒಟ್ಟಿಗೆ ನೆನಪಾದವು. ಯಾಕೆಂದರೆ ಈ ಎರಡು ಲ್ಯಾಟಿನ್ ಪದಗಳ ದೆಸೆಯಿಂದ ನನ್ನ ಮದುವೆಯ ಮಾತು ಹೌದು-ಅಲ್ಲಗಳ ನಡುವೆ ಇಂದಿಗೂ ನೇತಾಡುತ್ತಿದೆ.

ನಾನು ಇಲ್ಲಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮನೆ ಬಸವಕಲ್ಯಾಣ. ಹೈದರಾಬಾದಿನಲ್ಲಿ ಎಂ.ಎ. ಮಾಡುವಾಗ, ಉಳಿದ ಐಚ್ಛಿಕ ವಿಷಯಗಳೆಲ್ಲ ತುಂಬಿಹೋಗಿದ್ದರಿಂದ, ಲ್ಯಾಟಿನ್ ಓದಿದ್ದೆ. ಅದರಿಂದ ನನಗಾಗಲಿ ಬೀದರ ಜಿಲ್ಲೆಗಾಗಲಿ ಏನೂ ಉಪಯೋಗವಾಗಿಲ್ಲ. ಆದರೆ ಕಲಿತದ್ದನ್ನು ಯಾರಾದರೂ ತಪ್ಪಾಗಿ ಬಳಸಿದರೆ ಸುಮ್ಮನಿರಲು ನನಗೆ ಬರುವುದಿಲ್ಲ. ಮಿಕ್ಕೆಲ್ಲ ವಿಷಯಗಳಲ್ಲಿ ನಾನು ಸುಮ್ಮನಿರುವವಳೇ.

ಪ್ರಶಾಂತ ಅವರು ನನ್ನನ್ನು ನೋಡಲು ಮನೆಗೆ ಬಂದದ್ದು ಆ ದಸರೆಗೆ ಮುಂಚೆ. ಹುಮನಾಬಾದಿನಲ್ಲಿ ಅವರದು ಡ್ರಿಪ್ ಪೈಪು, ಪಂಪುಗಳ ಅಂಗಡಿ. ಹೆಚ್ಚು ಮಾತಾಡುವ, ಬೇಗ ನಗುವ ಮನುಷ್ಯ. ಅವರ ಮನೆಯವರು ಒಪ್ಪಿದರು, ನಮ್ಮವರೂ ಒಪ್ಪಿದರು. ಉಳಿದದ್ದು ನಾನು. ನನಗೆ ಅವರು ಇಷ್ಟವಾಗಿದ್ದರು. ಆದರೆ ಇಷ್ಟವಾಗುವುದಕ್ಕೂ ಜೀವನವಿಡೀ ಎನ್ನುವುದಕ್ಕೂ ನಡುವೆ ಏನೋ ಒಂದು ಇರಬೇಕಲ್ಲ, ಅದು ಕಾಣುತ್ತಿರಲಿಲ್ಲ.

ಅವ್ವನಿಗೂ ಅದು ಕಾಣುತ್ತಿರಲಿಲ್ಲ. ಅವಳು ಜೋತಿಷಿಯ ಹತ್ತಿರ ಹೋದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಶರಣರು ಓಡಾಡಿದ ಊರಿನಲ್ಲೇ ಹುಟ್ಟಿ, ಪಂಚಾಂಗ ಕೇಳಲು ಹೋಗುತ್ತೀಯಲ್ಲ ಎಂದು ನಾನು ಕೇಳಿದರೆ, “ಶರಣರಿಗೆ ನಿನ್ನಂಥ ಮಗಳು ಇದ್ದಿಲ್ಲ, ಅದಕ್ಕ ಅವರು ಹೋಗಲಿಲ್ಲ” ಎಂದಳು. ಯುಗಾದಿಯ ತನಕ ಗುರುಬಲ ಇಲ್ಲ ಎಂದು ಜೋತಿಷಿ ಹೇಳಿದ್ದ. ಒಳಗೊಳಗೆ ನನಗೂ ಸಮಾಧಾನವಾಯಿತು. ನಂಬಿಕೆ ಇಲ್ಲದವರಿಗೂ ಗ್ರಹಗಳು ಎಷ್ಟು ಅನುಕೂಲ ಮಾಡಿಕೊಡುತ್ತವೆ ನೋಡಿ!

ಪ್ರಶಾಂತ ಅವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಒಂದು ದಿನ ಕಾಲೇಜು ಬಿಟ್ಟ ಮೇಲೆ ಇದೇ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತ, “ಮೇಡಂ, ಯುಗಾದಿ ತನಕ ಯಾಕ್ರಿ? ಕಾರ್ಪೆ ಡಿಯೆಮ್ ಅಂತಾರಲ್ರಿ! ಹಿಡೀಬೇಕ್ರಿ ದಿನಾನ, ಗಪ್ಪನ ಹಿಡೀಬೇಕು” ಎಂದರು. ಎಲ್ಲೋ ಮೊಬೈಲಿನಲ್ಲಿ ನೋಡಿದ್ದರು. ನನಗೆ ಮದುವೆಯ ಮಾತು ಮರೆತೇಹೋಯಿತು.

“ಅದು ಹಿಡಿಯೋದು ಅಲ್ರಿ” ಎಂದೆ.

“ಮತ್ತೇನ್ರಿ?”

“ಹರಿಯೋದು. ಗಿಡದಿಂದ ಹಣ್ಣು ಹರೀತೀವಲ್ಲ, ಹೂ ಬಿಡಿಸ್ತೀವಲ್ಲ, ಅದು.”

ಅಲ್ಲಿಂದ ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಆ ಕ್ರಿಯಾಪದವನ್ನು ರೋಮನ್ನರು ಹಣ್ಣು, ಹೂ ಕೊಯ್ಯುವುದಕ್ಕೆ ಹೇಳುತ್ತಿದ್ದರು, ಕುರಿ ಹುಲ್ಲನ್ನು ಸ್ವಲ್ಪ ಸ್ವಲ್ಪವೇ ಮೇಯುವುದಕ್ಕೂ ಹೇಳುತ್ತಿದ್ದರು. ಈ ಸಾಲಿನಲ್ಲಿ ಓಡುವ ಕಳ್ಳನನ್ನು ಹಿಡಿಯುವ ಅವಸರವಿಲ್ಲ. ಅದಲ್ಲದೆ ಆ ಎರಡು ಪದ ಒಂದು ಸಾಲಿನ ಅರ್ಧ ಮಾತ್ರ, ಆ ಸಾಲು ಒಂದು ಚಿಕ್ಕ ಪದ್ಯದ ಕೊನೆ. ಪದ್ಯ ಕವಿ ಒಬ್ಬ ಹೆಂಗಸಿಗೆ ಹೇಳಿದ ಮಾತು. ಅವಳು ಬ್ಯಾಬಿಲೋನಿನ ಜೋತಿಷಿಗಳ ಲೆಕ್ಕ ಹಾಕಿಸಿ, ತನಗೂ ಕವಿಗೂ ಇನ್ನೆಷ್ಟು ಆಯುಷ್ಯ ಎಂದು ತಿಳಿಯಲು ನೋಡುತ್ತಿದ್ದಾಳೆ. ಅದನ್ನು ಕೇಳಬೇಡ, ನಮಗೆ ತಿಳಿಯತಕ್ಕದ್ದಲ್ಲ ಅದು, ಎನ್ನುತ್ತಾನೆ ಕವಿ. ಇನ್ನೂ ಹಲವು ಚಳಿಗಾಲಗಳಿವೆಯೋ, ಹೊರಗೆ ಸಮುದ್ರವನ್ನು ಬಂಡೆಗೆ ಬಡಿಯುತ್ತಿರುವ ಈ ಚಳಿಗಾಲವೇ ಕೊನೆಯದೋ, ಏನು ಬಂದರೂ ತಾಳಿಕೊಳ್ಳುವುದು ಲೇಸು. ನೀನು ಬುದ್ಧಿವಂತೆಯಾಗು, ದ್ರಾಕ್ಷಾರಸ ಸೋಸು. ಹೊತ್ತು ಗಿಡ್ಡದಿದೆ, ಉದ್ದ ಬೆಳೆದ ಆಸೆಯನ್ನು ಅದಕ್ಕೆ ತಕ್ಕಂತೆ ಕತ್ತರಿಸು.

“ಕತ್ತರಿಸು ಅಂದ್ರ ದ್ರಾಕ್ಷಿ ಬಳ್ಳಿ ಚಾಟಣಿ ಮಾಡ್ತಾರಲ್ರಿ, ಹಂಗ” ಎಂದೆ.

“ಅದು ಗೊತ್ತೈತ್ರಿ. ದ್ರಾಕ್ಷಿಯವರಿಗೇ ನಾ ಪೈಪು ಮಾರೋದು” ಎಂದರು ಅವರು, ತಮಗೆ ಗೊತ್ತಿರುವುದೊಂದು ಬಂದಿತೆಂಬ ಸಂತೋಷದಲ್ಲಿ. “ಅಂದ್ರ ಆಸೆ ದೊಡ್ಡದು ಮಾಡು ಅನ್ನಾಂಗಿಲ್ಲ ಅವ?”

“ಇಲ್ಲ. ಸಣ್ಣದು ಮಾಡು ಅಂತಾನ. ದಿನ ಹರಕೋ, ನಾಳೆ ಮ್ಯಾಲ ಎಷ್ಟು ಕಡಿಮಿ ಆಗ್ತದೋ ಅಷ್ಟು ಕಡಿಮಿ ಭರೋಸಾ ಇಡು ಅಂತಾನ. ಪೂರಾ ಬ್ಯಾಡ ಅನ್ನೂದಿಲ್ಲ. ಎಷ್ಟು ಕಡಿಮಿ ಆಗ್ತದೋ ಅಷ್ಟು.”

ನಾವು ಮಾತಾಡುತ್ತಿರುವಾಗಲೇ ನಮ್ಮನ್ನು ಕಂಡು ಹೊಟ್ಟೆಕಿಚ್ಚು ಪಡುವ ಕಾಲ ಓಡಿಹೋಗಿರುತ್ತದೆ ಎಂದೂ ಆ ಪದ್ಯದಲ್ಲಿದೆ. ಅದನ್ನು ನಾನು ವಿವರಿಸುತ್ತಿರುವಾಗಲೇ ನನ್ನ ಬಸ್ಸು ಹೊರಟುಹೋಯಿತು. ಅವರು ಮೇಜು ಬಡಿದು ನಕ್ಕರು. “ಎಲ್ಲಾ ಬರಾಬರ್ ಹೇಳಿದ್ರಿ ಮೇಡಂ. ನನ್ನ ಮಾತಿಗೆ ಜವಾಬ್ ಮಾತ್ರ ಹೇಳಲಿಲ್ಲ.”

ಇಲ್ಲಿಂದಲೇ ನನ್ನ ಗೊಂದಲ. ಆ ಸಾಲಿನ ಅರ್ಥ ನನಗೆ ಗೊತ್ತಿತ್ತು, ಆದರೆ ಅದರಿಂದ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಜೋತಿಷಿಯನ್ನು ಕೇಳಬೇಡ ಎನ್ನುತ್ತದೆ, ಅಂದರೆ ಯುಗಾದಿಯ ತನಕ ಕಾಯಬಾರದು. ಸರಿ. ಉದ್ದದ ಆಸೆ ಕತ್ತರಿಸು ಎನ್ನುತ್ತದೆ. ಮದುವೆಗಿಂತ ಉದ್ದದ ಆಸೆ ಇನ್ನಾವುದಿದೆ? ಆ ಸಾಲನ್ನು ಹಿಡಿದು ಹೂಂ ಅನ್ನಲೂ ಬರುವುದಿಲ್ಲ, ಊಹೂಂ ಅನ್ನಲೂ ಬರುವುದಿಲ್ಲ.

ಮುಂದಿನ ಭಾನುವಾರ ಮೋರಖಂಡಿಯ ಅತ್ತಿ, ಅಂದರೆ ಅಪ್ಪನ ಅಕ್ಕ, ಎರಡೂ ಮನೆಯವರನ್ನು ಹೊಲಕ್ಕೆ ಊಟಕ್ಕೆ ಕರೆದಳು. ಅವಳ ಹೊಲದ ಒಡ್ಡಿನ ಮೇಲೆ ಸೀತಾಫಲದ ಗಿಡಗಳಿವೆ. ಊಟವಾದ ಮೇಲೆ ಪ್ರಶಾಂತ ಅವರು ಒಂದು ಚೀಲ ಹಿಡಿದು ಒಡ್ಡಿನ ಕಡೆ ಹೋದರು. ತಿರುಗಿ ಬಂದಾಗ ಚೀಲ ತುಂಬಿತ್ತು, ಕೆಲವು ಟೊಂಗೆಗಳೂ ಮುರಿದಿದ್ದವು. ಅತ್ತಿ ಒಂದೊಂದನ್ನೇ ತೆಗೆದು ನೋಡಿದಳು.

“ಏನಪಾ, ಇವು ಇನ್ನಾ ಕಣ್ಣು ಬಿಟ್ಟಿಲ್ಲಲ್ಲೋ!”

ಸೀತಾಫಲ ಕಣ್ಣು ಬಿಡುವುದನ್ನು ನೋಡದವರಿಗಾಗಿ ಹೇಳುತ್ತೇನೆ. ಬಲಿತ ಕಾಯಿಯ ಉಬ್ಬುಗಳು ಒಂದರಿಂದೊಂದು ಬೇರ್ಪಟ್ಟು, ನಡುವಿನ ಗೆರೆಗಳು ಬೆಳ್ಳಗೆ ಅಗಲವಾಗುತ್ತವೆ. ಆಗ ತೊಟ್ಟಿನ ಸಮೇತ ಕೊಯ್ದು ಜೋಳದ ಒಣದಂಟಿನ ಕಣಿಕೆಯಲ್ಲೋ ಕಾಳಿನ ಚೀಲದಲ್ಲೋ ಮುಚ್ಚಿಟ್ಟರೆ ಕೆಲವು ದಿನದಲ್ಲಿ ಹಣ್ಣು. ಕಣ್ಣು ಬಿಡದ್ದನ್ನು ಎಷ್ಟು ದಿನ ಮುಚ್ಚಿಟ್ಟರೂ ಕರ್ರಗೆ ಕಲ್ಲಾಗುತ್ತದೆ.

“ಎಲ್ಲಾ ಒಮ್ಮೆಗೇ ಆಗ್ಲಿ ಅಂತ ಹರದೆರಿ” ಎಂದರು ಅವರು, ಕಿವಿ ಕೆಂಪಾಗಿ.

“ಅಳಿಯಾಗಾಂವ ಭಾಳ ಅವಸರದಾಂವ ಅದಾನ” ಎಂದು ಅತ್ತಿ ನಕ್ಕಳು. ಎಲ್ಲರೂ ನಕ್ಕರು. ನನಗೆ ಒಳಗೆ ಒಂದು ಸಣ್ಣ ಗೆಲುವು: ನೋಡಿ, ಹಿಡಿಯುವುದೆಂದರೆ ಇದು.

ನಾನು ಹೋಗಿ ಕಣ್ಣು ಬಿಟ್ಟಿದ್ದ ನಾಲ್ಕಾರನ್ನು ಗುರುತಿಸಿದೆ. ಅವೂ ಇನ್ನೊಂದು ದಿನ ಬಿಸಿಲು ಕಾಣಲಿ ಎನ್ನಿಸಿತು, ಬಿಟ್ಟುಬಂದೆ. ಮರುದಿನ ಅತ್ತಿ ಫೋನು ಮಾಡಿದಳು. “ನೀ ಬಿಟ್ಟು ಹೋದವು ಗಿಡದಾಗೇ ಹಣ್ಣಾಗಿ ಒಡದಾವವ್ವ. ಇರುವಿ ಹತ್ತ್ಯಾವ. ಗಿಳಿಗೋಳು ಅರ್ಧ ತಿಂದಾವ. ನಿಮ್ಮಿಬ್ಬರ ಕಾಲಾಗ ನನಗ ಒಂದೂ ತಿನ್ನಾಕ ಸಿಗಲಿಲ್ಲ!” ನನ್ನ ಗೆಲುವು ಅಲ್ಲಿಗೆ ಮುಗಿಯಿತು.

ಆ ರೋಮನ್ ಕವಿಗೆ ಸೀತಾಫಲ ಗೊತ್ತಿರಲಾರದು. ಇವತ್ತು ಕೊಯ್ದು ಮುಂದೆ ತಿನ್ನುವ ಹಣ್ಣಿಗೆ ನಾಳೆಯ ಮೇಲೆ ಒಂದಿಷ್ಟು ಭರವಸೆ ಬೇಕೇ ಬೇಕು. ಅದಕ್ಕೇ ಪೂರಾ ಬೇಡ ಎನ್ನದೆ ಆದಷ್ಟು ಕಡಿಮೆ ಎಂದನೇ? ಆ ಕಡಿಮೆ ಎಷ್ಟು? ಕಣಿಕೆಯಲ್ಲಿ ಮುಚ್ಚಿಡುವಷ್ಟೇ, ಯುಗಾದಿಯಷ್ಟೇ? ಇನ್ನೊಂದು ಅನುಮಾನವೂ ಬಂತು, ಇದನ್ನು ಪ್ರಶಾಂತ ಅವರಿಗೆ ಹೇಳಲಿಲ್ಲ. ಪದ್ಯದಲ್ಲಿ ಮಾತಾಡುವವನು ಗಂಡಸು. ಲೆಕ್ಕ ಬಿಡು, ದ್ರಾಕ್ಷಾರಸ ಸೋಸು, ಇವತ್ತನ್ನು ಕೊಯ್ದುಕೋ ಎಂದು ಒಬ್ಬ ಹೆಂಗಸಿಗೆ ಹೇಳುತ್ತಿದ್ದಾನೆ. ಅವಳು ಏನೆಂದಳು ಎಂಬುದು ಅಲ್ಲಿಲ್ಲ. ಅವನಿಗೂ ಒಳಗೆ ಅವಸರವಿತ್ತೇ? ಹಾಗಿದ್ದರೆ ಹೋಟೆಲಿನಲ್ಲಿ ನಾನು ಅಷ್ಟು ಹೊತ್ತು ತಿದ್ದಿದ್ದು ಯಾರನ್ನು?

ದೀಪಾವಳಿ ಕಳೆಯಿತು. ಪ್ರಶಾಂತ ಅವರು ಒಂದೆರಡು ಸಲ ಕೇಳಿ, ಕೇಳುವುದನ್ನು ಬಿಟ್ಟರು. ಯುಗಾದಿಯೂ ಬಂದು ಹೋಯಿತು. ಇವತ್ತು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತ, “ಜೋತಿಷಿ ಈಗ ಶ್ರಾವಣ ಅನ್ನಾಕತ್ಯಾನ. ಆದ್ರ ಪ್ರಶಾಂತ ಅವರ ಮನ್ಯಾಗ ಬ್ಯಾರೆ ಕಡಿ ಹೆಣ್ಣು ನೋಡಾಕತ್ಯಾರಂತ” ಎಂದಳು. ನಾನು ಡಬ್ಬಿ ಕಟ್ಟಿಕೊಂಡು ಬಂದೆ. ದಿನವೆಲ್ಲ ತರಗತಿಯಲ್ಲಿ ಏನು ಪಾಠ ಮಾಡಿದೆನೋ, ಕೇಳಿದ ಮಕ್ಕಳನ್ನೇ ಕೇಳಬೇಕು.

ಗೋಡೆಯ ಮೇಲಿನ ಆ ಮುಷ್ಟಿಯಿಂದ ಕಣ್ಣು ತೆಗೆದು ನಾನು ಅವರಿಗೆ ಫೋನು ಮಾಡಿದೆ. ಮೊದಲ ಸಲ, ನಾನಾಗಿ.

“ಮೇಡಂ? ಏನಾತ್ರಿ?”

“ಏನೂ ಆಗಿಲ್ರಿ. ಬಸ್ ಸ್ಟ್ಯಾಂಡಿನ್ಯಾಗ ನಿಂತೀನಿ. ಅಂಗಡ್ಯಾಗ ಅದೀರೇನ್ರಿ?”

“ಅದೀನ್ರಿ.” ಆಮೇಲೆ ಕೇಳಿದರು: “ಹೂಂ ಅನ್ನಾಕ ಮಾಡೀರೋ, ಬ್ಯಾಡ ಅನ್ನಾಕ ಮಾಡೀರೋ? ಮೊದಲ ಹೇಳ್ರಿ, ಕುಂತು ಕೇಳ್ತೀನಿ.”

“ಎರಡೂ ಅಲ್ರಿ. ಇವತ್ತ ಸಂಜಿಮುಂದ ನನಗ ಏನೂ ಕೆಲಸಿಲ್ಲ. ನಮ್ಮೂರ ತ್ರಿಪುರಾಂತ ಕೆರಿ ದಂಡಿಗೆ ಬರ್ತೀರೇನ್ರಿ? ಒಂದೀಟು ತಿರುಗ್ಯಾಡೋಣು.”

“ಇವತ್ತ?”

“ಇವತ್ತ.”

“ಮತ್ತ ನಾಳಿ ಮಾತು?”

“ನಾಳಿದು ನನಗ ಗೊತ್ತಿಲ್ರಿ.”

ಆ ಕಡೆ ಯಾರೋ ಗಿರಾಕಿ ಪೈಪಿನ ಅಳತೆ ಕೇಳುತ್ತಿದ್ದುದು ಕೇಳಿಸಿತು. ‘ನಿಂದರ್ರಿ ಯಜಮಾನ್ರ’ ಎಂದು ಅವನಿಗೆ ಹೇಳಿ, ದನಿ ತಗ್ಗಿಸಿ ನನ್ನನ್ನು ಕೇಳಿದರು: “ಇದು ನಿಮ್ಮ ಆ ಲ್ಯಾಟಿನ್ನಿಂದೇನ್ರಿ?”

ತಿಳಿದವಳಂತೆ ಏನಾದರೂ ಹೇಳಬಹುದಿತ್ತು. “ಅದೂ ಗೊತ್ತಿಲ್ರಿ” ಎಂದೆ.

“ಅಂಗಡಿ ಮುಚ್ಚಿ ಬರ್ತೀನಿ, ತಡೀರಿ” ಎಂದರು.