ಬ್ಯಾಸಿಗಿಯಾಗ ಊಟಕ್ಕ ಎಲ್ಲಿ ಕುಂದ್ರೂಣು?

ಆ ವರ್ಷಗಳ ನೆನಪು ಬಂದಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಘಟಪ್ರಭಾದ ಬಸ್ ನಿಲ್ದಾಣ. ನಾನು ಗೋಕಾಕದಿಂದ ಬರುತ್ತಿದ್ದೆ, ನನ್ನ ಸಹೋದ್ಯೋಗಿ ಹುಕ್ಕೇರಿಯಿಂದ. ಇಬ್ಬರೂ ಮೂಡಲಗಿ ತಾಲೂಕಿನ ಒಂದೇ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯರು. ಅವರು ನನಗಿಂತ ದೊಡ್ಡವರು. ಅವರ ಮನೆಯ ರೂಢಿಯಂತೆ ನಾನೂ ಅವರನ್ನು ಅಕ್ಕ ಎನ್ನುವ ಬದಲು ಆಪಾ ಎಂದೇ ಕರೆಯುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಮಕ್ಕಳಿಗೆ ಮಾತ್ರ ನಾವಿಬ್ಬರೂ ಅಕ್ಕೋರು. ಘಟಪ್ರಭಾದಿಂದ ಅರಭಾವಿ ದಾಟಿ ಹೋಗುವ ಬಸ್ಸಿನಲ್ಲಿ ತೋಟಗಾರಿಕೆ ಕಾಲೇಜಿನ ಹುಡುಗರು ಇಳಿಯುವವರೆಗೆ ನಿಂತೇ ಹೋಗಬೇಕು. ಅವರು ಇಳಿದ ಮೇಲೆ ಸೀಟು ಸಿಗುತ್ತಿತ್ತು, ಆಪಾ ತಮ್ಮ ಚೀಲದಿಂದ ಶೇಂಗಾ ತೆಗೆಯುತ್ತಿದ್ದರು. ನಮ್ಮ ಅರ್ಧ ಪಾಠಗಳು ತಯಾರಾದದ್ದು ಆ ಸೀಟಿನ ಮೇಲೆ.

ಒಂದು ಚಳಿಗಾಲ ಮೂಡಲಗಿಯಲ್ಲಿ ಪರಿಸರ ಅಧ್ಯಯನದ ತರಬೇತಿ ಇತ್ತು. ಪ್ರಾಜೆಕ್ಟ್ ಮೂಲಕ ಕಲಿಸುವುದು ಹೇಗೆ ಎಂಬುದು ವಿಷಯ. ನಮಗೆ ಪ್ರಾಜೆಕ್ಟ್ ಎಂದರೆ ಥರ್ಮಾಕೋಲ್, ಬಣ್ಣದ ಕಾಗದ, ಮನೆಯಲ್ಲಿ ಅಣ್ಣಂದಿರು ಮಾಡಿಕೊಟ್ಟ ಜ್ವಾಲಾಮುಖಿ. ತರಬೇತಿ ಕೊಡಲು ಬಂದಿದ್ದ ಗುರುಗಳು ಮೊದಲು ಒಂದು ಪ್ರಶ್ನೆ ಬರೆಯಲು ಹೇಳಿದರು. ಇಡೀ ಪ್ರಾಜೆಕ್ಟನ್ನು ಮುಂದೆ ನಡೆಸಿಕೊಂಡು ಹೋಗುವ ಪ್ರಶ್ನೆ ಅದು. ಅದಕ್ಕೆ ಚಾಲನಾ ಪ್ರಶ್ನೆ ಎನ್ನುತ್ತಾರೆ. ನಾವಿಬ್ಬರೂ ಸೇರಿ ಅಂದವಾಗಿ ಬರೆದೆವು: ಮರಗಳಿಂದ ನಮಗೆ ಆಗುವ ಉಪಯೋಗಗಳೇನು?

ಅವರು ಓದಿ ನಕ್ಕರು. "ಬಾಯಾರ," ಎಂದು ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆಯೇ ಕರೆದರು, "ಇದರ ಉತ್ತರ ಪುಸ್ತಕದಾಗ ಐತಲ್ರಿ. ಹುಡುಗೂರು ಯಾಕ ಹೊರಗ ಹೋಗಬೇಕು? ನಿಮ್ಮ ಸಾಲ್ಯಾಗ ಹುಡುಗೂರು ದಿನಾ ಯಾವುದಕ್ಕ ಗೊಣಗತಾರ, ಅದನ್ನ ಹಿಡೀರಿ. ನಿಮಗೂ ಉತ್ತರ ಗೊತ್ತಿರಬಾರದು."

ಮರಳಿ ಬರುವ ಬಸ್ಸಿನಲ್ಲಿ ಆಪಾ ಶೇಂಗಾ ಸುಲಿಯುತ್ತ ಕೂತಿದ್ದರು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು, "ತಂಗಿ, ನಮ್ಮ ಹುಡುಗೂರು ಗೊಣಗೂದು ಒಂದಕ್ಕ ನೋಡು. ಬಿಸಿಯೂಟಕ್ಕ ಕುಂದ್ರೂ ಜಾಗಾಕ್ಕ."

ಖರೆ ಇತ್ತು ಅವರ ಮಾತು. ನಮ್ಮ ಶಾಲೆಯ ವರಾಂಡಕ್ಕೆ ತಗಡಿನ ಹೊದಿಕೆ. ಬೇಸಿಗೆ ಶುರುವಾದರೆ ಅದರ ಕೆಳಗೆ ಬಿಸಿ ಸಾರು ಉಣ್ಣುವುದು ಶಿಕ್ಷೆಯೇ. ಮಕ್ಕಳು ತಟ್ಟೆ ಹಿಡಿದು ನೆರಳಿಗಾಗಿ ಓಡಾಡುತ್ತಿದ್ದರು, ದೂಡಾಟದಲ್ಲಿ ಅನ್ನ ಮಣ್ಣುಪಾಲಾಗುತ್ತಿತ್ತು. ಐದನೆಯ ತರಗತಿಯ ಮಕ್ಕಳ ಮುಂದೆ ನಾವು ಇಟ್ಟ ಪ್ರಶ್ನೆ ಇಷ್ಟೇ: ಬ್ಯಾಸಿಗಿಯಾಗ ನಾವು ಊಟಕ್ಕ ಎಲ್ಲಿ ಕುಂದ್ರಬೇಕು, ಆ ಜಾಗಾ ಇನ್ನೂ ತಂಪು ಮಾಡಾಕ ಏನು ಮಾಡಬೇಕು?

ಮುಖ್ಯಗುರುಗಳು ಪ್ರಶ್ನೆ ಕೇಳಿ ಹುಬ್ಬೇರಿಸಿದರು. "ಇದೇನ್ರಿ, ಊಟದ ಪ್ರಶ್ನಿ ಮಾಡೀರಿ. ಪಠ್ಯದಾಗ ಇದು ಎಲ್ಲಿ ಐತಿ?"

ಆಪಾ ಪುಸ್ತಕ ತೆರೆದು ತೋರಿಸಿದರು. ಸಸ್ಯಗಳು, ದಿಕ್ಕುಗಳು, ನಕ್ಷೆ ಓದುವುದು, ಆಹಾರ. ಎಲ್ಲವೂ ಬೇರೆ ಬೇರೆ ಪಾಠಗಳಲ್ಲಿ ಇದ್ದವು. ಮುಖ್ಯಗುರುಗಳು ಒಪ್ಪಿದರು, ಆದರೆ ಪರೀಕ್ಷೆಗೆ ತೊಂದರೆ ಆಗಬಾರದು ಎಂದು ಎರಡು ಸಲ ಹೇಳಿದರು.

ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಕಟ್ಟಬೇಕೆಂದು ತರಬೇತಿಯಲ್ಲಿ ಕಲಿತಿದ್ದೆವು. ಕೊನೆಗೆ ಮಕ್ಕಳ ಕೈಯಲ್ಲಿ ಏನಿರಬೇಕು, ಅದನ್ನು ಯಾರು ನೋಡಬೇಕು ಎಂಬುದು ಮೊದಲು ನಿಶ್ಚಯವಾಗಬೇಕು. ಶಾಲೆಯ ಅಂಗಳದ ದೊಡ್ಡ ನೆರಳಿನ ನಕ್ಷೆ, ಅದರ ಜೊತೆ ಊಟದ ಜಾಗದ ಒಂದು ಯೋಜನೆ. ಅದನ್ನು ಮಕ್ಕಳು ಶಾಲಾಭಿವೃದ್ಧಿ ಸಮಿತಿಯವರ ಮುಂದೆ, ಅಡುಗೆಯವರ ಮುಂದೆ ನಿಂತು ವಿವರಿಸಬೇಕು ಎಂದು ನಿರ್ಧರಿಸಿದೆವು. ಅಲ್ಲಿಗೆ ತಲುಪುವ ದಾರಿಯಲ್ಲಿ ಮೈಲಿಗಲ್ಲುಗಳು. ಮೊದಲು ನೆರಳಿನ ಗೆರೆ ಎಳೆಯುವುದು, ಆಮೇಲೆ ಎಲ್ಲಿ ಎಷ್ಟು ಸೆಕೆ ಎಂದು ಅಳೆಯುವುದು, ಅಡುಗೆಯವರನ್ನೂ ಹಿರಿಯರನ್ನೂ ಕೇಳುವುದು, ಕಚ್ಚಾ ನಕ್ಷೆ ಮಾಡಿ ಏಳನೆಯ ತರಗತಿಯವರಿಗೆ ತೋರಿಸಿ ತಪ್ಪು ಹುಡುಕಿಸುವುದು. ಪ್ರತಿ ಮೈಲಿಗಲ್ಲಿನಲ್ಲೂ ಗುಂಪು ಏನಾದರೊಂದನ್ನು ನಮಗೆ ತಂದು ತೋರಿಸಬೇಕು. ನಾವು ನೋಡಿ, ತಿದ್ದುವುದಿದ್ದರೆ ಹೇಳಿ, ಮುಂದಕ್ಕೆ ಬಿಡಬೇಕು. ಕೊನೆಯ ಬಣ್ಣ ಬಳಿಯುವ ಮುಂಚೆ ಇನ್ನೊಂದು ಸಲ ಅಂಗಳಕ್ಕೆ ಹೋಗಿ ಎಲ್ಲವನ್ನೂ ತಾಳೆ ನೋಡುವುದು ಎಂಬ ಒಂದು ಹಂತವನ್ನು ಆಪಾ ಸೇರಿಸಿದರು. ಅದು ಬರೀ ಶಾಸ್ತ್ರಕ್ಕೆ ಎಂದು ಆಗ ಇಬ್ಬರಿಗೂ ಅನಿಸಿತ್ತು.

ಜನವರಿಯ ಬಿಸಿಲು ಹಿತವಾಗಿತ್ತು. ಮಕ್ಕಳು ಸುಣ್ಣದ ಪುಡಿ ಹಿಡಿದು ಬೆಳಿಗ್ಗೆ ಒಮ್ಮೆ, ಊಟದ ಹೊತ್ತಿಗೆ ಒಮ್ಮೆ, ಶಾಲೆ ಬಿಡುವ ಮುಂಚೆ ಒಮ್ಮೆ ನೆರಳಿನ ಅಂಚಿಗೆ ಗೆರೆ ಎಳೆದು ಗುರುತಿಗೆ ಕಡ್ಡಿ ನೆಟ್ಟರು. ಕಟ್ಟಡದ ಉತ್ತರದ ಗೋಡೆಯ ಪಕ್ಕ ಊಟದ ಹೊತ್ತಿಗೆ ಅಗಲವಾದ ನೆರಳು ಬೀಳುತ್ತಿತ್ತು. ಎರಡು ಸಾಲು ಮಕ್ಕಳು ಆರಾಮಾಗಿ ಕೂರಬಹುದು. ಗೇಟಿನ ಬಳಿಯ ಬೇವಿನ ನೆರಳೂ ಚೆನ್ನಾಗಿತ್ತು, ಆದರೆ ಅದು ಅಡುಗೆ ಮನೆಯಿಂದ ದೂರ.

ತಾಪಮಾಪಕ ಹಿಡಿದಾಗ ಮೊದಲ ದಿನ ಎಲ್ಲ ಕಡೆಯ ಅಳತೆಯೂ ಹೆಚ್ಚುಕಡಿಮೆ ಒಂದೇ ಬಂತು. ಮಕ್ಕಳು ಪಾದರಸದ ತುದಿಯನ್ನೇ ಮುಷ್ಟಿಯಲ್ಲಿ ಹಿಡಿದಿದ್ದರು. "ನೀವು ಅಳದದ್ದು ನಿಮ್ಮ ಅಂಗೈ," ಎಂದು ಆಪಾ ಅದನ್ನು ದಾರದಿಂದ ತೂಗಿಬಿಟ್ಟರು. ನೇರ ಬಿಸಿಲು ತಾಗದಂತೆ ನೆರಳಿನಲ್ಲಿ ತೂಗಿಬಿಟ್ಟು, ಸ್ವಲ್ಪ ಹೊತ್ತು ಕಾದು, ಆಮೇಲೆ ಓದಬೇಕು ಎಂಬುದನ್ನು ಮಕ್ಕಳು ಆ ದಿನ ಕಲಿತದ್ದು ಪಾಠದಿಂದಲ್ಲ. ತಗಡಿನ ಕೆಳಗೆ ನೆರಳಿದ್ದರೂ ಸೆಕೆ ಹೆಚ್ಚು, ಬೇವಿನ ಕೆಳಗೆ ಕಡಿಮೆ ಎಂಬುದು ಆಗ ತಿಳಿಯಿತು. "ನೆರಳು ಎಲ್ಲಾ ಒಂದಲ್ರಿ ಅಕ್ಕೋರ," ಎಂದ ಹುಡುಗನ ಮುಖದ ಮೇಲಿದ್ದ ಗೆಲುವು ಇನ್ನೂ ನೆನಪಿದೆ.

ಅಡುಗೆಯ ತಾಯಂದಿರು ತಮ್ಮ ಕಷ್ಟ ಹೇಳಿದರು. ಬಿಸಿ ಸಾರಿನ ಬೋಗುಣಿ ಹೊತ್ತು ಗೇಟಿನವರೆಗೆ ಬರಲು ಆಗುವುದಿಲ್ಲ. ಏಳನೆಯ ತರಗತಿಯವರು ಕಚ್ಚಾ ನಕ್ಷೆ ನೋಡಿ ಬೇರೆ ತಪ್ಪು ಹಿಡಿದರು: ಬೇವಿನ ಕೆಳಗೆ ಕೂತರೆ ಕಾಗೆ ತಟ್ಟೆಯೊಳಗೇ ಹಿಕ್ಕೆ ಹಾಕುತ್ತದೆ. ಇಡೀ ತರಗತಿ ನಕ್ಕು ನಕ್ಕು ಸುಸ್ತಾಯಿತು. ಹಾಗಾಗಿ ಎಲ್ಲ ಗುಂಪುಗಳೂ ಉತ್ತರದ ಗೋಡೆಯನ್ನೇ ಆರಿಸಿದವು. ನಕ್ಷೆಗೆ ದೊಡ್ಡ ಹಲಗೆ ಸಿದ್ಧವಾಯಿತು. ಮಾರ್ಚ್ ಅರ್ಧ ದಾಟಿತ್ತು, ಪರೀಕ್ಷೆ ಹತ್ತಿರ ಬಂದಿತ್ತು. ತಾಳೆ ನೋಡುವ ಹಂತ ಮಾತ್ರ ಬಾಕಿ.

ಊಟದ ಗಂಟೆಗೆ ಮಕ್ಕಳನ್ನು ಕರೆದುಕೊಂಡು ಗೋಡೆಯ ಹಿಂದೆ ಹೋದೆವು. ಮುಂದೆ ಓಡಿದ ಹುಡುಗಿ ಅಲ್ಲೇ ನಿಂತುಬಿಟ್ಟಳು. ತರಗತಿಯಲ್ಲಿ ಕಡಿಮೆ ಮಾತಾಡುವ ಹುಡುಗಿ ಅವಳು.

"ಅಕ್ಕೋರ, ನೆರಳು ಎಲ್ಲಿ ಹೋತ್ರಿ?"

ಗೋಡೆಗೆ ಒತ್ತಿಕೊಂಡು ಒಂದು ಕಿರಿದಾದ ಪಟ್ಟಿ ಉಳಿದಿತ್ತು. ಒಬ್ಬರು ಕೂತರೆ ಮೊಣಕಾಲು ಬಿಸಿಲಿಗೆ. ಜನವರಿಯಲ್ಲಿ ಎಳೆದ ಸುಣ್ಣದ ಗೆರೆ ಅಳಿಸಿದ್ದರೂ ಗುರುತಿಗೆ ನೆಟ್ಟ ಕಡ್ಡಿಗಳು ಇದ್ದವು. ಅವು ಉರಿಬಿಸಿಲಲ್ಲಿ ನಿಂತಿದ್ದವು. ಮಕ್ಕಳು ನಮ್ಮ ಮುಖ ನೋಡಿದರು. ಆಪಾ ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನ ಕಡೆ ನೋಡಿದರು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಹೋಗುತ್ತಾನೆ, ಬೇಸಿಗೆ ಬಂದಂತೆ ಮಧ್ಯಾಹ್ನಕ್ಕೆ ನಮ್ಮ ನೆತ್ತಿಯ ಹತ್ತಿರಕ್ಕೆ ಬರುತ್ತಾನೆ, ನೆರಳು ಗಿಡ್ಡವಾಗುತ್ತದೆ. ಗೊತ್ತಿಲ್ಲದ ವಿಷಯವಲ್ಲ. ಬೇಸಿಗೆಯ ಪ್ರಶ್ನೆಗೆ ಉತ್ತರವನ್ನು ಚಳಿಗಾಲದ ನೆರಳಿನಲ್ಲಿ ಹುಡುಕುತ್ತಿದ್ದೇವೆ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಬೇವಿನ ಕಡೆ ನೋಡಿದರೆ ಅದೂ ಹಳೆಯ ಎಲೆ ಉದುರಿಸಿ ಅರ್ಧ ಬೋಳಾಗಿತ್ತು. ಕೊಂಬೆಗಳ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಆಗಷ್ಟೇ ಬರುತ್ತಿತ್ತು.

ಮುಖ್ಯಗುರುಗಳು ಸುದ್ದಿ ಕೇಳಿ ಬಂದರು. ಇನ್ನು ಸಾಕು, ಇದ್ದದ್ದನ್ನೇ ಬಣ್ಣ ಬಳಿದು ಮುಗಿಸಿರಿ ಎನ್ನುತ್ತಾರೆಂದು ನಾನು ಅಂಜಿದ್ದೆ. ಅವರು ಬಿಸಿಲಲ್ಲಿ ನಿಂತ ಕಡ್ಡಿಗಳವರೆಗೆ ನಡೆದು ಹೋಗಿ ನೋಡಿದರು.

"ಇಷ್ಟ ವರ್ಷ ಈ ಸಾಲ್ಯಾಗ ಅದೀನಿ, ಇದನ್ನ ನೋಡಿದ್ದಿಲ್ಲ ನೋಡ್ರಿ," ಎಂದರು. "ಸಮಿತಿ ಸಭಾ ಮುಂದಿನ ವಾರಕ್ಕ ಹಾಕತೇನಿ. ಮಾಡಿ ಮುಗಸ್ರಿ."

ಆ ವಾರ ತರಗತಿ ಜೇನುಗೂಡಿನಂತಿತ್ತು. ಗುಂಪುಗಳು ಮತ್ತೆ ಗೆರೆ ಎಳೆದವು, ಮತ್ತೆ ಅಳೆದವು. ನಕ್ಷೆ ಒಂದಲ್ಲ, ಎರಡು ಬೇಕು ಎಂಬ ಮಾತು ಮಕ್ಕಳಿಂದಲೇ ಬಂತು: ಚಳಿಗಾಲದ್ದು ಒಂದು, ಬೇಸಿಗೆಯದ್ದು ಇನ್ನೊಂದು. ಬೇಸಿಗೆಗೆ ಬೇವಿನ ಬುಡವೇ ಸರಿ. ಚಿಗುರು ದಟ್ಟವಾಗುವವರೆಗೆ ನೆರಳಿಗೂ, ಕಾಗೆಯ ಕಾಟ ತಪ್ಪಿಸಲೂ ಮೇಲೆ ಏನಾದರೂ ಕಟ್ಟಬೇಕು. ನೆರಳು ಎಲ್ಲಿ ಹೋಯಿತೆಂದು ಕೇಳಿದ್ದ ಹುಡುಗಿ ಮೆಲ್ಲಗೆ ಹೇಳಿದಳು, "ನಮ್ಮವ್ವ ಹಳೀ ಸೀರಿ ಕೂಡಿಸಿ ಕೌದಿ ಹೊಲೀತಾಳ್ರಿ. ಹಂಗ ದೊಡ್ಡದು ಹೊಲದ್ರ?" ಇನ್ನೊಂದು ಗುಂಪು ಸಾರಿನ ಬೋಗುಣಿಗೆ ದಾರಿ ಹುಡುಕಿತು: ಶಾಲೆಯ ಮೂಲೆಯಲ್ಲಿದ್ದ ತಳ್ಳುಗಾಡಿ.

ಸಭೆಯ ದಿನ ಮಕ್ಕಳು ಹಲಗೆಯ ಮುಂದೆ ನಿಂತು ಎರಡೂ ನಕ್ಷೆ ತೋರಿಸಿದರು, ಉತ್ತರದ ಗೋಡೆಯ ನೆರಳು ಹೇಗೆ ಕೈಕೊಟ್ಟಿತೆಂದು ಹೇಳಿದರು. ಸಮಿತಿಯ ಅಧ್ಯಕ್ಷರು ಕಬ್ಬಿನ ಹೊಲದಿಂದ ನೇರವಾಗಿ ಬಂದಿದ್ದರು. ಅವರು ಕೇಳಿದರು, "ಹಿಂದಿನ ನಕ್ಷೆ ತಪ್ಪಾಗಿತ್ತು ಅಂತ ಯಾಕ ಹೇಳತೀರಿ? ಮುಚ್ಚಿ ಹೊಸದನ್ನಷ್ಟ ತೋರಸಬಹುದಿತ್ತಲ್ಲ."

ಕೌದಿಯ ಮಾತು ಹೇಳಿದ್ದ ಹುಡುಗಿ ತಡವರಿಸಲಿಲ್ಲ. "ಅದು ತಪ್ಪಲ್ರಿ ಕಾಕಾ. ಅದು ಜನವರಿದು."

ಅಧ್ಯಕ್ಷರು ತಲೆಯ ಪಟಗ ಸರಿಮಾಡಿಕೊಂಡು ಎರಡೂ ನಕ್ಷೆಗಳ ಹತ್ತಿರಕ್ಕೆ ಬಂದು ನೋಡಿದರು. ನನ್ನ ಪಕ್ಕದಲ್ಲಿ ಕೂತಿದ್ದ ಆಪಾ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿಯೂ ನೋಡದಂತೆ ಕೂತೆ.

ಸೀರೆಗಳು ಬಂದವು. ಇಳಕಲ್ಲಿನದೂ ಇತ್ತು, ಹೂವಿನ ವಾಯಿಲ್ ಸೀರೆಯೂ ಇತ್ತು. ಆಪಾ ಹುಕ್ಕೇರಿಯಿಂದ ತಮ್ಮ ಅತ್ತೆಯ ಹಸಿರು ದುಪಟ್ಟಾ ತಂದರು. ತಾಯಂದಿರು ಶಾಲೆಯ ಕಟ್ಟೆಯ ಮೇಲೆ ಕೂತು ಹೊಲಿದರು, ಊರ ಹುಡುಗರು ಬಿದಿರಿನ ಗಳ ನೆಟ್ಟು ಕಟ್ಟಿದರು. ಗಾಳಿ ಬಂದರೆ ಅದು ಉಬ್ಬಿ ಏಳುತ್ತಿತ್ತು, ಕೂತ ಮಕ್ಕಳ ಅಂಗಿಗಳ ಮೇಲೆ ಕೆಂಪು, ಹಸಿರು, ಹಳದಿ ಬೆಳಕು ಅಲ್ಲಾಡುತ್ತಿತ್ತು. ಮೊದಲ ದಿನ ಮುಖ್ಯಗುರುಗಳೂ ತಟ್ಟೆ ಹಿಡಿದು ಸಾಲಿನಲ್ಲಿ ಕೂತರು. ತಾಪಮಾಪಕ ತೂಗಿಬಿಟ್ಟ ಹುಡುಗರು ಉಣ್ಣುವುದನ್ನೂ ಮರೆತು ಅದನ್ನೇ ನೋಡುತ್ತಿದ್ದರು. ಊಟ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಟ್ಟು, ಏನು ಕಲಿತಿರಿ, ಮುಂದಿನ ಸಲ ಏನನ್ನು ಬೇರೆ ರೀತಿ ಮಾಡುತ್ತೀರಿ ಎಂದು ಬರೆಸಿದೆವು. ಒಬ್ಬ ಬರೆದಿದ್ದ: ಮುಂದಿನ ಸಲ ದೀಪಾವಳಿಯಿಂದಲೇ ಶುರು ಮಾಡಿ ಬೇಸಿಗೆಯವರೆಗೆ ತಿಂಗಳಿಗೊಮ್ಮೆ ನೆರಳು ಅಳೆಯುತ್ತೇವೆ.

ಮರುವರ್ಷ ಆಪಾಗೆ ಹುಕ್ಕೇರಿಗೇ ವರ್ಗವಾಯಿತು. ಮನೆಯ ಹತ್ತಿರದ ಶಾಲೆ, ನಡೆದೇ ಹೋಗಬಹುದು. ಅವರಿಗೆ ಬಂದ ಸುಖಕ್ಕೆ ನಾನು ಖುಷಿಪಟ್ಟೆ, ಆದರೆ ಅರಭಾವಿ ದಾಟಿ ಸೀಟು ಸಿಕ್ಕ ಕೂಡಲೇ ಪಕ್ಕದಲ್ಲಿ ಚೀಲ ಇಟ್ಟು ಅವರಿಗೆ ಜಾಗ ಹಿಡಿಯುವ ರೂಢಿ ಬಹಳ ದಿನ ಹೋಗಲಿಲ್ಲ. ಈಗ ಅವರು ಅಲ್ಲಿ ಮಕ್ಕಳೊಂದಿಗೆ ಬೇರೆ ಪ್ರಶ್ನೆ ಹಿಡಿದಿದ್ದಾರೆ. ಕೈತೊಳೆಯುವ ನಲ್ಲಿಯ ಕೆಳಗೆ ನಿಲ್ಲುವ ನೀರಿನದು. ಫೋನಿನಲ್ಲಿ ಗಂಟೆಗಟ್ಟಲೆ ಅದರ ಮೈಲಿಗಲ್ಲುಗಳ ಬಗ್ಗೆಯೇ ಮಾತು.

ನಮ್ಮ ಬೇವು ಈಗ ಇನ್ನಷ್ಟು ಹರಡಿದೆ. ಸೀರೆಯ ಚಪ್ಪರ ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಅದನ್ನು ಹೊಲಿಯುವ ದಿನ ತಾಯಂದಿರು ಬೆಳಿಗ್ಗೆಯೇ ಬಂದು ಕೂರುತ್ತಾರೆ. ಈ ಸಲ ಆ ಗುಂಪಿನಲ್ಲಿ ಸೂಜಿ ಹಿಡಿದು ಕೂತಿದ್ದವಳು ಕೌದಿಯ ಉಪಾಯ ಕೊಟ್ಟಿದ್ದ ಅದೇ ಹುಡುಗಿ. ಈಗ ಮೂಡಲಗಿಯ ಕಾಲೇಜಿಗೆ ಹೋಗುತ್ತಾಳೆ. ತಮ್ಮನ ತರಗತಿಯವರಿಗೆ ನೆರವಾಗಲು ಬಂದಿದ್ದಳು.

"ಕುಂದರ್ರಿ ಅಕ್ಕೋರ," ಎಂದು ಸರಿದು ಜಾಗ ಮಾಡಿಕೊಟ್ಟಳು. ನಾನೂ ಒಂದು ಸೂಜಿಗೆ ದಾರ ಪೋಣಿಸಿಕೊಂಡೆ.