ಕನ್ನಡ ಬಾರದ ಕಪ್ಪೆ

ನಾನು ಮಾತು ಕಲಿಸುವವಳು. ಹಾಸನದ ಒಂದು ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ, ಕಿವಿಗೆ ಮಷೀನು ಹಾಕಿಸಿಕೊಂಡ ಮಕ್ಕಳಿಗೆ ಒಂದೊಂದೇ ಅಕ್ಷರ ಬಾಯಿಗೆ ಹತ್ತಿಸುವುದು ನನ್ನ ಕೆಲಸ. ತುಂಬಾ ತಾಳ್ಮೆ ಬೇಕು ಅಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಮಕ್ಕಳ ವಿಷಯದಲ್ಲಿ ನನಗೆ ತಾಳ್ಮೆ ಇದೆ. ದೊಡ್ಡವರ ವಿಷಯದಲ್ಲಿ ಕಡಿಮೆ. ಕಪ್ಪೆಗಳ ವಿಷಯದಲ್ಲಿ ಇಲ್ಲವೇ ಇಲ್ಲ.

ಕಪ್ಪೆ ಬಂದದ್ದು ನಾನಿಲ್ಲದಾಗ. ಆಗ ನನ್ನನ್ನು ಕಿವಿ ತಪಾಸಣೆಯ ಕ್ಯಾಂಪ್ ಡ್ಯೂಟಿಗೆ ಹಾಕಿದ್ದರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಬಸ್ಸಿನಲ್ಲಿ ಸುತ್ತಿ, ಸೊಂಟ ಹಿಡಿಸಿಕೊಂಡು ವಾಪಸ್ ಬಂದರೆ ನನ್ನ ಮೇಜಿನ ಮೇಲೆ ಹೊಸ ಕಂಪ್ಯೂಟರು, ಅದರೊಳಗೆ ಬಾವಿಕಟ್ಟೆಯ ಮೇಲೆ ಕೂತ ಒಂದು ಹಸಿರು ಕಪ್ಪೆ. ನಮ್ಮ ಕಿವಿ-ಮೂಗು-ಗಂಟಲಿನ ಡಾಕ್ಟರು ಬಹಳ ಆಸೆಪಟ್ಟು ಹೊರದೇಶದಿಂದ ತರಿಸಿದ ಸಾಫ್ಟ್‌ವೇರು ಅದು. ಮಗು ಮೈಕಿನ ಮುಂದೆ 'ಪಾ' ಎಂದು ಸರಿಯಾಗಿ ಹೇಳಿದರೆ ಕಪ್ಪೆ ತಾವರೆ ಎಲೆಗೆ ಹಾರುತ್ತದೆ. ಸರಿ ಇಲ್ಲದಿದ್ದರೆ ಬಾವಿಗೆ ದುಡುಂ ಎಂದು ಬೀಳುತ್ತದೆ.

ನಾನು ಕ್ಯಾಂಪಿಗೆ ಹೋಗುವ ಮೊದಲು ದುದ್ದದಿಂದ ಒಂದು ಹುಡುಗಿ ಅಜ್ಜಿಯ ಜೊತೆ ಬರುತ್ತಿದ್ದಳು. ಎರಡೂ ಕಿವಿಗೆ ಮಷೀನು. ಮಾತು ಬಂದದ್ದೇ ತಡ, ಬಾಯಿ ಮುಚ್ಚಿದವಳಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಪೂರಿ ತಿನ್ನಿಸಲೇಬೇಕು ಎಂದು ನಮ್ಮ ಕೋಣೆಯಿಂದಲೇ ಕೂಗಿ ಹೇಳುತ್ತಿದ್ದಳು. ಜೂನ್‌ನಲ್ಲಿ ಅವಳನ್ನು ಊರಿನ ಶಾಲೆಗೆ ಸೇರಿಸುವುದೆಂದು ನಾನೇ ಅಜ್ಜಿಗೆ ಹೇಳಿ ಹೋಗಿದ್ದೆ.

ಈಗ ನೋಡಿದರೆ ಹುಡುಗಿ ಗೋಡೆ ಕಡೆ ಮುಖ ಮಾಡಿ ಕೂತಿದ್ದಾಳೆ. ಪೂರಿ ಬೇಕಾ ಅಂದೆ. ಹೂಂ ಎನ್ನುವ ಹಾಗೆ ತಲೆಯಾಡಿಸಿದಳು. ಹೇಳು ಅಂದೆ. ಬೆರಳಿನಿಂದ ಗಾಳಿಯಲ್ಲಿ ಒಂದು ಗುಂಡು ಬರೆದು ತೋರಿಸಿದಳು.

"ಆ ಕಪ್ಪೆ ಬಂದಾಗಿಂದ ಇಂಗೇ ಕಣವ್ವ," ಎಂದಳು ಅಜ್ಜಿ. "ಇವ್ಳು ಏನಂದ್ರೂ ಬಾವಿಗೆ ಬೀಳ್ತದೆ. ಬಾಯ್ ಮುಂದೆ ಕಾಗ್ದ ಇಡ್ಕೊಂಡು ಅದು ಅಳ್ಳಾಡಂಗೆ ಅನ್ನು ಅಂತ ಮನೆಗೂ ಯೇಳ್ಕಳ್ಸವ್ರೆ. ಕೂಸು ಮಕದ್ ಮೇಲೆಲ್ಲ ಎಂಜ್ಲು ಆರುಸ್ತದೆ. ನಮ್ ಮನೇಲಿ ಯಾರವ್ವ ಅಂಗಂತಾರೆ? ಈಗ ಆ ಅಕ್ಸರ ಇರೋ ಮಾತೇ ಆಡಕಿಲ್ಲ."

ನನ್ನ ರಕ್ತ ಕುದಿಯಿತು. ಕಪ್ಪೆಯನ್ನು ಆಡಿಸುತ್ತಿದ್ದದ್ದು ಅರಕಲಗೂಡಿನ ನಮ್ಮ ನರ್ಸಮ್ಮ. ಪಾಪ, ಒಳ್ಳೆಯ ಹೆಂಗಸು. ಕಪ್ಪೆ ಬಿದ್ದಾಗಲೆಲ್ಲ ಮಗುವಿಗೆ "ಪರ್ವಾಗಿಲ್ಲ, ಇನ್ನೊಂದ್ಸಲ ಯೇಳು" ಎಂದು ಸಮಾಧಾನ ಮಾಡುತ್ತಲೇ ಇದ್ದಳಂತೆ. ಡಾಕ್ಟರು ಮಾತ್ರ ಕಪ್ಪೆ ಹಾರುವ ತನಕ ಶಾಲೆ ಬೇಡ, ಇನ್ನೊಂದು ವರ್ಷ ಇಲ್ಲೇ ಬರಲಿ ಎಂದುಬಿಟ್ಟಿದ್ದರು.

ನರ್ಸಮ್ಮ ರೆಕಾರ್ಡ್ ಮಾಡಿಟ್ಟಿದ್ದ ಹುಡುಗಿಯ ದನಿಯನ್ನು ನಾನು ತೆಗೆದು, ಪರದೆಯ ಮೇಲೆ ಅದರ ಅಲೆಗಳನ್ನು ದೊಡ್ಡದು ಮಾಡಿ ನೋಡಿದೆ. ನೋಡಿ ಒಬ್ಬಳೇ ನಕ್ಕೆ.

ವಿಷಯ ಇಷ್ಟೆ. ತುಟಿ ಬಿಚ್ಚಿದ ಕ್ಷಣಕ್ಕೂ ಕೊರಳು ನಾದ ಹಿಡಿದ ಕ್ಷಣಕ್ಕೂ ನಡುವೆ ಒಂದು ಸಂದು ಇರುತ್ತದೆ. ನಮ್ಮ ಪಾಠಗಳಲ್ಲಿ ಅದನ್ನು ವಾಯ್ಸ್ ಆನ್‌ಸೆಟ್ ಟೈಮ್ ಅನ್ನುತ್ತಾರೆ. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿದರೆ, ನಮ್ಮ 'ಪ'ಗೆ ಹತ್ತು ಹದಿನೈದು ಚೂರಿನ ಸಂದು ಸಾಕು. 'ಬ'ಗೆ ಅದೂ ಬೇಡ. ತುಟಿ ಮುಚ್ಚಿರುವಾಗಲೇ ಕೊರಳು ಗುಂಯ್ ಎನ್ನತೊಡಗಿರುತ್ತದೆ. ಗಂಟಲ ಮೇಲೆ ಬೆರಳಿಟ್ಟು 'ಬಾ' ಎಂದರೆ ನಿಮಗೇ ತಿಳಿಯುತ್ತದೆ. ಇಂಗ್ಲಿಷಿನವರ ಲೆಕ್ಕ ಬೇರೆ. ಪದದ ಮೊದಲಲ್ಲಿ 'ಪ' ಬಂದರೆ ಅವರು ತುಟಿ ಬಿಚ್ಚಿ, ಐವತ್ತು ಅರವತ್ತು ಚೂರು ಬರೀ ಉಸಿರು ಬಿಟ್ಟು, ಆಮೇಲೆ ನಾದ ಶುರುಮಾಡುತ್ತಾರೆ. ಅದಕ್ಕೇ ಕಾಗದ ಅಲ್ಲಾಡುವುದು. ನಮ್ಮ ಕಿವಿಗೆ ಅದು ಹೆಚ್ಚುಕಡಿಮೆ 'ಫಲ'ದ ಮಹಾಪ್ರಾಣ. ಇನ್ನು ಅವರ 'ಬ' ಎಷ್ಟೋ ಸಲ ನಮ್ಮ 'ಪ' ಕೂರುವ ಜಾಗದಲ್ಲೇ ಕೂತಿರುತ್ತದೆ. ಕಪ್ಪೆ ಹುಟ್ಟಿ ಬೆಳೆದದ್ದು ಇಂಗ್ಲಿಷಿನಲ್ಲಿ. ಸಂದು ಮೂವತ್ತು ಚೂರು ದಾಟದಿದ್ದರೆ ಅದು 'ಬ' ಎಂದುಕೊಂಡು ಬಾವಿಗೆ ಬೀಳುತ್ತಿತ್ತು. ಹುಡುಗಿಯ 'ಪ' ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು.

ಇದನ್ನು ಡಾಕ್ಟರಿಗೆ ನೇರವಾಗಿ ಹೋಗಿ ಹೇಳಬಹುದಿತ್ತು. ಆದರೆ ಹುಡುಗಿ ಗಾಳಿಯಲ್ಲಿ ಬರೆದ ಗುಂಡು ಕಣ್ಣ ಮುಂದೆಯೇ ಇತ್ತು. ಬರೀ ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ.

ಮೊದಲು ನರ್ಸಮ್ಮನನ್ನು ಮೈಕಿನ ಮುಂದೆ ಕೂರಿಸಿದೆ. "ಪಾ" ಎಂದಳು. ದುಡುಂ. "ಅಯ್ಯೋ, ನಂಗೂ ಬರಕಿಲ್ವಾ ಮೇಡಂ?" ಎಂದು ಎದೆ ಹಿಡಿದುಕೊಂಡಳು. ಆಮೇಲೆ ಅಜ್ಜಿ. ಮೈಕನ್ನು ಮೂಗಿಗೆ ತಾಗಿಸಿಕೊಂಡು, ಹಿತ್ತಲಲ್ಲಿ ಯಾರನ್ನೋ ಗದರುವ ಹಾಗೆ "ಪಾ" ಎಂದಳು. ದುಡುಂ. "ಮುಂಡೇದು, ಬೀಳ್ತಾನೇ ಅದೆ," ಎಂದಳು. ಹುಡುಗಿ ಗೋಡೆ ಬಿಟ್ಟು ಇತ್ತ ತಿರುಗಿದಳು.

ಅಷ್ಟರಲ್ಲಿ ಡಾಕ್ಟರು ರೌಂಡ್ಸ್ ಮುಗಿಸಿ ಬಂದರು. ಅವರು ಚನ್ನರಾಯಪಟ್ಟಣದವರು. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತೇನೆ ಎಂಬ ಹೆಮ್ಮೆ ಬೇರೆ. ನಾನು ಎದ್ದು ನಿಂತು, ಆದಷ್ಟು ಸಾಧುವಾಗಿ, "ಸಾರ್, ನಮಗ್ಯಾರಿಗೂ ಸರಿಯಾಗಿ ಹೇಳೋಕೆ ಬರ್ತಿಲ್ಲ. ನೀವೇ ಒಂದ್ಸಲ ತೋರಿಸಿಕೊಟ್ರೆ ಮಗು ನೋಡಿ ಕಲೀತಾಳೆ," ಎಂದೆ.

ಅವರು ಟೈ ಸರಿಮಾಡಿಕೊಂಡು ಕೂತರು. "ಪಾ."

ದುಡುಂ.

"ಮೈಕ್ ದೂರ ಇತ್ತು," ಎಂದರು. ಹತ್ತಿರ ಎಳೆದುಕೊಂಡರು. ದುಡುಂ. ಫ್ಯಾನ್ ಆಫ್ ಮಾಡಿಸಿದರು. ದುಡುಂ. ನರ್ಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಕಿಟಕಿ ಕಡೆ ತಿರುಗಿದಳು. ನನಗೆ ನಿಜಕ್ಕೂ ಬಹಳ ಸಂತೋಷವಾಗುತ್ತಿತ್ತು.

ಡಾಕ್ಟರ ಕಿವಿ ಕೆಂಪಾಯಿತು. "ಏನಮ್ಮ ಇದು?" ಎಂದರು ನನ್ನ ಕಡೆ ನೋಡಿ. ಆಗ ಅವರ ಅಲೆ, ಅಜ್ಜಿಯ ಅಲೆ, ಹುಡುಗಿಯ ಅಲೆ ಮೂರನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟೆ. ತುಟಿ ಬಿಚ್ಚಿದ ಗೆರೆ, ಅದರ ಪಕ್ಕಕ್ಕೇ ನಾದ ಶುರುವಾದ ಗೆರೆ. ಮೂರರಲ್ಲೂ ಸಂದು ಕೂದಲೆಳೆಯಷ್ಟೇ. ಕೆಳಗೆ ಹುಡುಗಿಯ 'ಬಾ' ಇಟ್ಟೆ. ಅಲ್ಲಿ ತುಟಿ ಬಿಚ್ಚುವ ಮೊದಲೇ ಸಣ್ಣ ಸಣ್ಣ ಅಲೆಗಳ ಸಾಲು ಎದ್ದು ಕಾಣುತ್ತಿತ್ತು. ಕಪ್ಪೆ ಯಾವ ಭಾಷೆಯದು ಎಂದು ಹೇಳುವ ಅಗತ್ಯವೇ ಬೀಳಲಿಲ್ಲ. ಡಾಕ್ಟರು ದಡ್ಡರಲ್ಲ. ಮೂರೂ ಸಂದುಗಳ ಮೇಲೆ ಬೆರಳಾಡಿಸಿ ನೋಡಿದರು.

"ಹಾಗಾದ್ರೆ ಇವಳಿಗೆ ಬರುತ್ತೆ," ಎಂದರು.

"ಮೊದಲಿಂದಲೂ ಬರುತ್ತೆ ಸಾರ್."

"ಶಾಲೆಗೆ ಸೇರಿಸಿ," ಎಂದು ಅಜ್ಜಿಗೆ ಹೇಳಿ ಎದ್ದರು. ಎದ್ದವರು ಬಾಗಿಲ ತನಕ ಹೋಗಿ, ಏನನ್ನಿಸಿತೋ, ವಾಪಸ್ ಬಂದು ಮೈಕಿಗೆ ಬಾಗಿ, ಗುಟ್ಟಾಗಿ ಎನ್ನುವ ಹಾಗೆ ಇನ್ನೊಂದು "ಪಾ" ಅಂದರು. ದುಡುಂ. ಅವರ ಮುಖ ನಿಜವಾಗಿಯೂ ಬಾಡಿತು. ನನಗೂ ಆಗ ಯಾಕೋ ನಗು ಬರಲಿಲ್ಲ.

ಹುಡುಗಿ ಕುರ್ಚಿಯಿಂದ ಇಳಿದು ಬಂದಳು. ಅವರ ಕೋಟಿನ ತುದಿ ಹಿಡಿದು ಎಳೆದಳು. ನರ್ಸಮ್ಮ ಅವಳಿಗೆ ಹೇಳುತ್ತಿದ್ದ ಅದೇ ರಾಗದಲ್ಲಿ, ತಲೆಯನ್ನು ಅದೇ ತರ ಓರೆ ಮಾಡಿ, ಹೇಳಿದಳು:

"ಪರ್ವಾಗಿಲ್ಲ ಡಾಕ್ಟ್ರೇ. ಇನ್ನೊಂದ್ಸಲ ಯೇಳಿ."

ಮೈಕ್ ಇನ್ನೂ ಆನ್ ಆಗಿಯೇ ಇತ್ತು. ಕಪ್ಪೆ ಬಾವಿಗೆ ಬಿತ್ತು. ನಾವ್ಯಾರೂ ಅದರ ಕಡೆ ನೋಡಲಿಲ್ಲ.