ಎಲ್ಲರಿಗೂ ಹಿಡಿಸುವ ಮುಖ

ನಮ್ಮ ಸೋದರಮಾವನಿಗೆ ಜಗಳ ಕಂಡರೆ ಆಗುತ್ತಿರಲಿಲ್ಲ. ಹಾಗೆಂದು ಬಿಡಿಸುತ್ತಿದ್ದರು ಎಂದಲ್ಲ. ಇಬ್ಬರಿಗೂ ಬೇರೆಬೇರೆಯಾಗಿ "ನೀನು ಹೇಳೋದೇ ಸರಿ" ಎಂದು ಕಿವಿಯಲ್ಲಿ ಊದಿ, ಬೆಂಕಿಯನ್ನು ಇನ್ನಷ್ಟು ಹೊತ್ತಿಸಿ, ತಾವು ಕೈತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದರು. ನಮ್ಮಮ್ಮನೂ ಚಿಕ್ಕಮ್ಮನೂ ಒಂದು ಹೊಲಿಗೆ ಮೆಷಿನ್ನಿನ ವಿಚಾರಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದು ಮಾವನ ಈ ಶಾಂತಿ ಸಂಧಾನದಿಂದಲೇ.

"ಎಲ್ಲಾ ಒಂದೇ ಕಣೆ" ಎನ್ನುವುದು ಅವರ ಜೀವನದ ಸಿದ್ಧಾಂತ. ಅತ್ತೆ ಮಾತ್ರ ಇದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. "ಎಲ್ಲಾ ಒಂದೇ ಆದ್ರೆ ಚಹಾಕ್ಕೆ ಉಪ್ಪು ಹಾಕ್ಕೊಡ್ತೀನಿ, ಕುಡೀರಿ" ಎನ್ನುತ್ತಿದ್ದರು.

ಮಾವ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಕಟ್ಟಡದ ಉಸ್ತುವಾರಿ. ಲಿಫ್ಟ್ ನಿಂತರೆ, ನಲ್ಲಿ ಸೋರಿದರೆ, ಗೋಡೆಗೆ ಬೂಸ್ಟು ಹಿಡಿದರೆ ಅವರನ್ನೇ ಕರೆಯಬೇಕು. ಆ ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರು ಜಾಗ ಸಿಕ್ಕಲ್ಲೆಲ್ಲ ಪ್ರಾರ್ಥನೆಗೆ ಕೂರುತ್ತಿದ್ದರು. ಒಬ್ಬರು ಮೆಟ್ಟಿಲ ತಿರುವಿನಲ್ಲಿ ಚಾಪೆ ಹಾಸಿದರೆ, ಇನ್ನೊಬ್ಬರು ಆಪರೇಷನ್ ಥಿಯೇಟರ್ ಬಾಗಿಲಲ್ಲೇ ಊದುಬತ್ತಿ ಹಚ್ಚುತ್ತಿದ್ದರು. ಒಮ್ಮೆ ಸ್ಟ್ರೆಚರ್ ಯಾರದೋ ಬಾಗಿದ ಬೆನ್ನಿಗೆ ತಾಗಿ ದೊಡ್ಡ ರಾದ್ಧಾಂತವಾಯಿತು. ಆಗ ಆಸ್ಪತ್ರೆಯ ಅಧ್ಯಕ್ಷರು, ಎಕ್ಸ್‌ರೇ ಕೋಣೆಯ ಪಕ್ಕದಲ್ಲಿ ಮುರಿದ ಗಾಲಿಕುರ್ಚಿಗಳನ್ನು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿಸಿ, "ಎಲ್ಲಾ ಧರ್ಮದವರಿಗೂ ಒಂದು ಪ್ರಾರ್ಥನಾ ಕೋಣೆ ಮಾಡ್ರಿ" ಎಂದು ಮಾವನಿಗೆ ಆಜ್ಞೆ ಮಾಡಿದರು.

ಮಾವನಿಗೆ ಇದಕ್ಕಿಂತ ಸಿಹಿ ಕೆಲಸ ಬೇರೆ ಸಿಕ್ಕಲಾರದು. ಟೂತ್‌ಪೇಸ್ಟ್ ಜಾಹೀರಾತು ಬರೆಯುತ್ತಿದ್ದ ಒಬ್ಬ ಪೇಂಟರನ್ನು ಹಿಡಿದು ತಂದು, ಎದುರು ಗೋಡೆಯ ಮೇಲೆ ಎಲ್ಲರಿಗೂ ಹಿಡಿಸುವ ಒಂದು ಮುಖ ಬರೆಯಲು ಹೇಳಿದರು. "ಗಡ್ಡ ಇರ್ಲಿ, ತೀರಾ ಇರೋದು ಬೇಡ. ತಲೆ ಹಿಂದೆ ಬೆಳಕು ಬೇಕು. ಕೈ ಎತ್ತಿರ್ಲಿ, ಆದ್ರೆ ಕೈಯಲ್ಲಿ ಏನೂ ಬೇಡ. ಕಣ್ಣು ಮುಚ್ಚಿರ್ಲಿ, ಯಾರ ಕಡೆಗೂ ಜಾಸ್ತಿ ನೋಡಿದ ಹಾಗಾಗಬಾರ್ದು." ಪೇಂಟರ್ ಹೇಳಿದಂತೆಯೇ ಬರೆದ. ಅಭ್ಯಾಸಬಲದಿಂದ ಹಲ್ಲು ಮಾತ್ರ ಫಳಫಳ ಹೊಳೆಯುವಂತೆ ಬಳಿದ. ಕೊನೆಗೆ ಅಲ್ಲಿ ಮೂಡಿದ್ದು, ಹಲ್ಲುನೋವನ್ನು ನಗುನಗುತ್ತಾ ಸಹಿಸಿಕೊಂಡಿರುವ ಒಬ್ಬ ಗೃಹಸ್ಥನ ಮುಖ.

ಮೊದಲು ಬಂದವರು ಹೆಡ್ ನರ್ಸ್. ಅವರಿಗೆ ಹೆದರಿ ಡಾಕ್ಟರುಗಳೇ ದಾರಿ ಬಿಡುತ್ತಿದ್ದರು. ಹೂ ಹಿಡಿದುಕೊಂಡು ಒಳಗೆ ಬಂದವರು ಗೋಡೆ ನೋಡಿ ಅಲ್ಲೇ ನಿಂತರು.

"ಯಾರು ಸಾರ್ ಇವ್ರು?"

"ದೇವ್ರಮ್ಮ."

"ಯಾವ ದೇವ್ರು?"

"ಎಲ್ಲಾ ದೇವ್ರೂ."

"ಹಾಗಂದ್ರೆ ನಾನು ಯಾರನ್ನ ಕರೀಲಿ? ಹೆಸ್ರಿಲ್ಲ, ಆಯುಧ ಇಲ್ಲ, ವಾಹನ ಇಲ್ಲ. ಮೇಲಿಂದ ಕಣ್ಣು ಬೇರೆ ಮುಚ್ಕೊಂಡಿದಾರೆ! ದರ್ಶನ ಅಂದ್ರೆ ನಾನು ದೇವ್ರನ್ನ ನೋಡೋದು ಮಾತ್ರ ಅಲ್ಲ ಸಾರ್, ದೇವ್ರ ಕಣ್ಣಿಗೆ ನಾನು ಬೀಳೋದು. ಅದಕ್ಕೇ ವಿಗ್ರಹದ ಕಣ್ಣನ್ನ ಕೊನೇಲಿ ತೆರೆಸೋದು."

"ಕಲ್ಲಿಗೆ ಕಣ್ಣಾದ್ರೇನು, ಬಿಟ್ರೇನು..." ಎಂದು ಮಾವ ನಕ್ಕರು. ನಗಬಾರದಿತ್ತು.

"ಕಲ್ಲನ್ನ ಪೂಜಿಸ್ತೀವಿ ಅಂದ್ಕೊಂಡ್ರಾ? ಅಂಗಡೀಲಿರೋವಾಗ ಅದು ಕಲ್ಲೇ. ಮಂತ್ರ ಹೇಳಿ ಪ್ರಾಣಪ್ರತಿಷ್ಠೆ ಮಾಡಿ 'ಬಾರಪ್ಪ, ಇಲ್ಲಿ ಇರು' ಅಂತ ಕರೆದ ಮೇಲೆ ದೇವ್ರು ಅದ್ರಲ್ಲಿ ನೆಲೆಸ್ತಾನೆ. ಆಮೇಲೆ ಅವನಿಗೆ ಸ್ನಾನ, ಊಟ, ನಿದ್ದೆ, ಎಲ್ಲಾ ಮನೆಗೆ ಬಂದ ಅತಿಥಿಗೆ ಮಾಡಿದ ಹಾಗೆ. ಮಣ್ಣಿನ ಮೂರ್ತಿ ಆದ್ರೆ ಪೂಜೆ ಮುಗಿದ ಮೇಲೆ 'ಹೋಗಿ ಬಾ' ಅಂತ ಕಳಿಸಿಕೊಟ್ಟು ನೀರಿಗೆ ಬಿಡ್ತೀವಿ. ಆಗ ಉಳಿಯೋದು ಬರೀ ಮಣ್ಣು. ದೇವ್ರಿಗೆ ರೂಪ ಇಲ್ಲ ಅಂತ ನಮ್ಮಲ್ಲೂ ಹೇಳ್ತಾರೆ, ವಿಗ್ರಹಾನೇ ಬೇಡ ಅನ್ನೋರೂ ನಮ್ಮಲ್ಲೇ ಇದಾರೆ. ಆದ್ರೆ ಡ್ಯೂಟಿ ಮುಗಿಸಿ ಬಂದು ರೂಪ ಇಲ್ಲದ್ದನ್ನ ಧ್ಯಾನ ಮಾಡೋಕೆ ಕೂತ್ರೆ ನನಗೆ ನಿದ್ದೆ ಬರುತ್ತೆ."

ಹೂವನ್ನು ವಾಪಸ್ ಕೈಚೀಲಕ್ಕೆ ಹಾಕಿಕೊಂಡು ಹೊರಟೇಹೋದರು.

ಅವರ ಹಿಂದೆಯೇ ಔಷಧಿ ಅಂಗಡಿಯ ಸಾಹೇಬರು ಬಂದರು. ಮಾತ್ರೆಯನ್ನು ಲೆಕ್ಕಕ್ಕಿಂತ ಒಂದೂ ಹೆಚ್ಚು ಕೊಡದ, ಒಂದೂ ಕಡಿಮೆ ಕೊಡದ ಮನುಷ್ಯ. ಬಗಲಲ್ಲಿ ನಮಾಜಿಗೆ ಹಾಸುವ ಜಾನಮಾಜಿನ ಸುರುಳಿ. ಗೋಡೆ ನೋಡಿ ಸುರುಳಿ ಬಿಚ್ಚಲೇ ಇಲ್ಲ.

"ಸಾರ್, ನಾನು ನಮಾಜಿಗೆ ಮುಖ ಮಾಡಬೇಕಾದ ದಿಕ್ಕಲ್ಲೇ ಇದನ್ನ ಬರೆಸಿದೀರಿ."

"ಕಣ್ಣು ಮುಚ್ಕೊಂಡು ಮಾಡಿಬಿಡಿ ಸಾಹೇಬ್ರೇ. ಅವ್ರೂ ಮುಚ್ಕೊಂಡಿದಾರೆ."

ಸಾಹೇಬರು ನಗಲಿಲ್ಲ. "ಅಲ್ಲಾಹನ ಹಾಗೆ ಇರೋದು ಈ ಲೋಕದಲ್ಲಿ ಏನೂ ಇಲ್ಲ. ಅವನು ಸೃಷ್ಟಿಸಿದವನು, ಮಿಕ್ಕಿದ್ದೆಲ್ಲ ಅವನ ಸೃಷ್ಟಿ. ಸೃಷ್ಟಿಯ ಮೂಗು ಬಾಯಿ ತಂದು ಅವನಿಗೆ ಅಂಟಿಸಿ ಅದಕ್ಕೆ ತಲೆ ಬಾಗಿದ್ರೆ, ಅವನ ಪಕ್ಕದಲ್ಲಿ ಒಬ್ಬ ಪಾಲುದಾರನ್ನ ಕೂರಿಸಿದ ಹಾಗೆ. ಶಿರ್ಕ್ ಅಂತೀವಿ ಅದನ್ನ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಪೈಗಂಬರರ ಚಿತ್ರಾನೂ ಇಡಲ್ಲ ನಾವು, ಗೌರವ ಎಲ್ಲಿ ಪೂಜೆಗೆ ತಿರುಗುತ್ತೋ ಅಂತ."

"ಮತ್ತೆ ಕಾಬಾಕ್ಕೆ ಬಾಗ್ತೀರಲ್ಲ? ಅದೂ ಕಲ್ಲಿಂದು ತಾನೇ?"

"ಅದು ದಿಕ್ಕು. ಅದರ ಹತ್ರ ನಾವೇನೂ ಬೇಡಲ್ಲ, ಬೇಡೋದು ಅಲ್ಲಾಹನ ಹತ್ರ. ಅದರೊಳಗಿದ್ದ ವಿಗ್ರಹಗಳನ್ನ ಪೈಗಂಬರರೇ ತೆಗೆಸಿಹಾಕಿದ್ರು."

"ಅಂಗಡೀಲಿ ನಿಮ್ಮ ಫೋಟೋ ನೇತುಹಾಕಿದೀರಿ?"

"ಅದು ಲೈಸೆನ್ಸಿಗೆ ತೆಗೆಸಿದ್ದು. ಅದಕ್ಕೆ ಯಾರೂ ಅಡ್ಡ ಬೀಳಲ್ಲ. ನನ್ನ ಹೆಂಡತಿಯಂತೂ ಖಂಡಿತ ಬೀಳಲ್ಲ."

ಮಾವನಿಗೆ ಉಳಿದದ್ದು ಒಂದೇ ಆಸೆ: ಅಡುಗೆಮನೆಯ ಮೇಲ್ವಿಚಾರಕಿಯೂ ಎಕ್ಸ್‌ರೇ ತೆಗೆಯುವವನೂ. ಇಬ್ಬರೂ ಕ್ರೈಸ್ತರು. ಇಬ್ಬರನ್ನೂ ಒಟ್ಟಿಗೆ ಕರೆಸಿ, "ನಿಮ್ಮದು ಹೇಗೂ ಒಂದೇ ಧರ್ಮ, ನೀವಿಬ್ರೂ ಕೂತು ಏನು ಬರೀಬೇಕು ಹೇಳಿಬಿಡಿ" ಎಂದರು. ಜೇನುಗೂಡಿಗೆ ಕೈಯಾರೆ ಕಲ್ಲು ಹೊಡೆದ ಹಾಗಾಯಿತು.

"ಮಾತೆ ಮರಿಯಮ್ಮನ ಪಟ ಹಾಕಿ, ಯೇಸು ಇರೋ ಶಿಲುಬೆ ಹಾಕಿ" ಎಂದರು ಕ್ಯಾಥೊಲಿಕ್ ಸಭೆಗೆ ಸೇರಿದ ಮೇಲ್ವಿಚಾರಕಿ.

"ಏನೂ ಹಾಕಬೇಡಿ" ಎಂದ ಎಕ್ಸ್‌ರೇಯವನು. ಅವನ ಪ್ರಾಟೆಸ್ಟಂಟ್ ಸಭೆಯಲ್ಲಿ ಗೋಡೆಗೆ ಮೊಳೆಯೂ ಇರಲಿಲ್ಲ. "ವಿಗ್ರಹ ಮಾಡಬೇಡ, ಅದಕ್ಕೆ ಅಡ್ಡಬೀಳಬೇಡ ಅಂತ ಎರಡನೇ ಆಜ್ಞೆ ಇದೆ."

"ಎರಡನೇದು ದೇವರ ಹೆಸರನ್ನ ಸುಮ್ಮನೆ ಎತ್ತಬಾರದು ಅನ್ನೋದು!"

"ಅದು ಮೂರನೇದು!"

ಬೈಬಲಿನಲ್ಲಿ ಇರುವುದು ಹತ್ತೇ ಆಜ್ಞೆ. ಮಾವ ತಬ್ಬಿಬ್ಬಾದರು. ವಿಷಯ ಇಷ್ಟೇ: ಆಕೆಯ ಸಭೆಯವರು ವಿಗ್ರಹದ ಮಾತನ್ನು ಮೊದಲನೇ ಆಜ್ಞೆಯೊಳಗೇ ಸೇರಿಸಿ, ಕೊನೆಯಲ್ಲಿ ಪರರ ಹೆಂಡತಿಯನ್ನೂ ಪರರ ಆಸ್ತಿಯನ್ನೂ ಬಯಸಬೇಡ ಎಂಬುದನ್ನು ಎರಡು ಮಾಡಿ ಹತ್ತು ಎಣಿಸುತ್ತಾರೆ. ಅವನ ಸಭೆಯವರು ಬಯಕೆಯನ್ನೆಲ್ಲ ಒಂದೇ ಮೂಟೆ ಕಟ್ಟಿ, ವಿಗ್ರಹಕ್ಕೆ ಬೇರೆ ನಂಬರು ಕೊಡುತ್ತಾರೆ.

"ದೇವ್ರು ಕಾಣದೆ ಇದ್ದಾಗ ಅವನ ಚಿತ್ರ ಬರೆಯೋದು ತಪ್ಪು, ಒಪ್ಕೋತೀನಿ" ಎಂದರು ಮೇಲ್ವಿಚಾರಕಿ. "ಆದ್ರೆ ಅವನೇ ಮನುಷ್ಯನಾಗಿ ಹುಟ್ಟಿ, ಹಸಿದು, ಅತ್ತು, ಸತ್ತನಲ್ಲ? ಆಗ ಅವನಿಗೊಂದು ಮುಖ ಇತ್ತಲ್ಲ? ಬರೀಬಾರ್ದು ಅಂದ್ರೆ ಅವನು ನಿಜವಾಗಿ ಹುಟ್ಟೇ ಇಲ್ಲ ಅಂದಂಗಾಗುತ್ತೆ. ಪಟಕ್ಕೆ ಮುತ್ತಿಟ್ರೆ ಆ ಗೌರವ ಪಟದಲ್ಲಿರೋರಿಗೆ ಹೋಗುತ್ತೆ, ಬಣ್ಣಕ್ಕಲ್ಲ. ಆರಾಧನೆ ದೇವ್ರಿಗೆ ಮಾತ್ರ."

"ಗೌರವ ಯಾವುದು, ಆರಾಧನೆ ಯಾವುದು ಅಂತ ನಿಮ್ಮ ಬಾಯಿಗೆ ಗೊತ್ತಕ್ಕ, ಮೊಣಕಾಲಿಗೆ ಗೊತ್ತಾ? ಬೆಟ್ಟದ ಮೇಲಿಂದ ದೇವ್ರು ಈ ಆಜ್ಞೆಗಳನ್ನ ಹೇಳಿದಾಗ ಜನ ಸ್ವರ ಕೇಳಿದ್ರೇ ಹೊರತು ಆಕಾರ ನೋಡ್ಲಿಲ್ಲ. ಆ ಬೆಟ್ಟದ ಕೆಳಗೇ ಚಿನ್ನದ ಕರು ಮಾಡಿ ಪೂಜಿಸಿದವ್ರೂ 'ಇದು ನಮ್ಮ ದೇವ್ರ ಹಬ್ಬ' ಅಂತಾನೇ ಕುಣಿದ್ರು. ನಮ್ಮ ಭಾವನ ಸಭೆಯವ್ರು ಪಾಠಕ್ಕೆ ಅಂತ ಪಟ ಇಟ್ಟಿದಾರೆ. ನಮಗೆ ಅದೂ ಬೇಡ, ವಾಕ್ಯ ಸಾಕು."

"ದಿನವೆಲ್ಲ ಜನರ ಎಲುಬಿನ ಪಟ ತೆಗೆಯೋನು ನೀನು!"

"ಆ ಪಟಕ್ಕೆ ನಾನು ಮೇಣದಬತ್ತಿ ಹಚ್ಚಲ್ಲ!"

ಮಾವ ಇಬ್ಬರಿಗೂ "ನೀವು ಹೇಳೋದೇ ಸರಿ" ಎಂದರು. ಇಬ್ಬರೂ ಒಟ್ಟಿಗೆ ಅವರ ಮೇಲೆ ತಿರುಗಿಬಿದ್ದರು. ಆ ದಿನ ಆ ಕೋಣೆಯಲ್ಲಿ ಕಂಡ ಐಕ್ಯಮತ್ಯ ಅಷ್ಟೇ.

ಗೋಡೆಗೆ ಸುಣ್ಣ ಹೊಡೆಸಿದ್ದಾಯಿತು. ಆದರೆ ಖಾಲಿ ಗೋಡೆ ಕಂಡರೆ ಆ ಅಧ್ಯಕ್ಷರಿಗೆ ಕೈ ತುರಿಸುತ್ತಿತ್ತು. ಪ್ರತಿ ಮಹಡಿಯಲ್ಲೂ ಕೋಟು ತೊಟ್ಟ ಅವರ ಪಟವಿತ್ತು. ಮಾರನೆಯ ವಾರವೇ, ಬಾಗಿಲಿಗಿಂತ ಅಗಲವಾದ ಅವರ ಹೊಸ ಪಟ ಓರೆಯಾಗಿ ಒಳಗೆ ಬಂತು. ಕೆಳಗೆ ಇಡಲು ದೀಪದ ಸ್ಟ್ಯಾಂಡೂ ಜೊತೆಗಿತ್ತು. ಮಾವನಿಗೆ ಹೋದ ಜೀವ ಬಂದಂತಾಯಿತು. ಇದು ಯಾರ ದೇವರೂ ಅಲ್ಲ, ಹಾಗಾಗಿ ಯಾರ ತಕರಾರೂ ಇರುವುದಿಲ್ಲ!

ನಾಲ್ವರೂ ಬಂದು ನೋಡಿದರು.

"ಆವಾಹನೆ ಮಾಡಿದಾಗ ನಿಜವಾಗ್ಲೂ ಬಂದುಬಿಟ್ರೆ ಏನ್ಗತಿ ಸಾರ್?" ಎಂದರು ಹೆಡ್ ನರ್ಸ್.

"ಸಂತ ಆಗೋಕೆ ಮೊದ್ಲು ಸಾಯಬೇಕು, ಆಮೇಲೆ ಪವಾಡ ಆಗಬೇಕು. ಇಲ್ಲಿ ಬಿಲ್ಲು ಕಟ್ಟಿದ ಮೇಲೂ ಬದುಕಿರೋರು ಪವಾಡ ಮಾಡ್ತಿರೋದು" ಎಂದರು ಮೇಲ್ವಿಚಾರಕಿ.

ಎಕ್ಸ್‌ರೇಯವನು "ಕರು" ಎಂದಷ್ಟೇ ಹೇಳಿ ಹೋದ.

ಸಾಹೇಬರು ದೀಪದ ಸ್ಟ್ಯಾಂಡಿನತ್ತ ಬೆರಳು ತೋರಿಸಿದರು. "ವಿಗ್ರಹಾರಾಧನೆ ಶುರುವಾಗಿದ್ದೇ ಹೀಗೆ ಅಂತ ನಮ್ಮ ಹಿರಿಯರು ಹೇಳ್ತಾರೆ ಸಾರ್. ಸತ್ತ ಒಳ್ಳೆಯವ್ರ ನೆನಪಿಗೆ ಅಂತ ಜನ ಪ್ರತಿಮೆ ಇಟ್ರು. ತಲೆಮಾರು ಕಳೆದ ಮೇಲೆ ಮೊಮ್ಮಕ್ಕಳು ಅದಕ್ಕೇ ಅಡ್ಡಬಿದ್ರು. ನಿಮ್ಮ ಅಧ್ಯಕ್ಷರು ಸಾಯೋದಕ್ಕೂ ಕಾದಿಲ್ಲ, ಒಳ್ಳೆಯವರಾಗೋದಕ್ಕೂ ಕಾದಿಲ್ಲ."

"ಛೇ, ಯಾರು ಇದಕ್ಕೆ ಅಡ್ಡಬೀಳ್ತಾರೆ?" ಎಂದರು ಮಾವ.

ಮಧ್ಯಾಹ್ನ ಬಲ್ಬು ಬದಲಿಸಲು ಏಣಿ ಹತ್ತಿದ್ದಾಗ ಅದನ್ನು ಕಣ್ಣಾರೆ ಕಂಡರು. ಮಕ್ಕಳ ವಾರ್ಡಿನಿಂದ ಒಬ್ಬಳು ಹೆಂಗಸು ಓಡಿಬಂದಳು. ಏಣಿಯ ಮೇಲಿದ್ದವರನ್ನು ಗಮನಿಸಲಿಲ್ಲ. ಪಟದ ಮುಂದೆ ಕುಸಿದು, ಹಣೆಯನ್ನು ನೆಲಕ್ಕೆ ಒತ್ತಿ, "ನನ್ನ ಮಗೂನ ಉಳಿಸಪ್ಪ, ನಿನ್ನ ಬಿಟ್ಟು ಯಾರಿದಾರೆ" ಎಂದು ಅತ್ತಳು. ಕೋಟಿನ ಗುಂಡಿಗಳನ್ನೇ ನೋಡುತ್ತಾ ಕೈಮುಗಿದಳು. ಅಧ್ಯಕ್ಷರು ಮೇಲಿನಿಂದ, ಫೋಟೋದವನು ಹೇಳಿಕೊಟ್ಟ ನಗುವನ್ನೇ ನಗುತ್ತಿದ್ದರು.

ಮಾವ ಏಣಿ ಇಳಿದರು. "ಅಮ್ಮಾ, ಇವ್ರು ದೇವ್ರಲ್ಲಮ್ಮ."

"ಮತ್ತೆ ಯಾರು?"

"ಆಸ್ಪತ್ರೆ ಅಧ್ಯಕ್ಷರು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. "ದೇವ್ರ ಜಾಗದಲ್ಲಿ ಇವ್ರನ್ನ ಯಾಕೆ ಇಟ್ರಿ ಅಣ್ಣಾ? ನಾನು ಕೇಳಿಕೊಂಡಿದ್ದು ಈಗ ಎಲ್ಲಿಗೆ ಹೋಯ್ತು?"

ಅವಳ ಆ ಮಾತನ್ನು ಮಾವ ಮನೆಯಲ್ಲಿ ಎಷ್ಟು ಸಲ ಹೇಳಿಕೊಂಡರೋ. ಅವಳು ಹೋದಮೇಲೆ, ಯಾರನ್ನೂ ಕೇಳದೆ ಪಟವನ್ನು ಇಳಿಸಿದರು. ಅಷ್ಟು ಭಾರದ್ದನ್ನು ಒಬ್ಬರೇ ಇಳಿಸಿ ಬೆನ್ನು ಹಿಡಿದುಕೊಂಡಿತು.

ಅಧ್ಯಕ್ಷರು ಕರೆಸಿದರು. "ನೀವು ಎಲ್ಲಾ ಒಂದೇ ಅನ್ನೋರಲ್ವೇನ್ರೀ? ಒಂದು ಪಟ ಹೆಚ್ಚಾದ್ರೆ ಏನು ಗಂಟು ಹೋಗುತ್ತೆ?"

"ಒಂದಲ್ಲ ಸಾರ್" ಎಂದರು ಮಾವ. "ಒಬ್ರಿಗೆ ಅದರಲ್ಲಿ ದೇವ್ರು ಬಂದು ಇರ್ತಾನೆ. ಇನ್ನೊಬ್ರಿಗೆ ಅದು ಕಿಟಕಿ, ಆಚೆ ಇರೋರು ಕಾಣ್ತಾರೆ. ಮತ್ತಿಬ್ರಿಗೆ ಅದು ದೇವ್ರಿಗೆ ಅಡ್ಡ ನಿಂತಿರೋ ಗೋಡೆ. ನಿಮ್ಮದು ಈ ಮೂರರಲ್ಲಿ ಯಾವುದು ಅಂತ ನೀವೇ ಹೇಳಿ, ಹಾಗೇ ಹಾಕಿಸ್ತೀನಿ."

ಹೇಳಿದ ಮೇಲೆ ಮಾವನಿಗೇ ಗಾಬರಿಯಾಯಿತು. ಅಧ್ಯಕ್ಷರು ಯಾವುದೆಂದು ಹೇಳಲಿಲ್ಲ. ಬದಲಿಗೆ ಮಾವನನ್ನು ನೆಲಮಾಳಿಗೆಯ ಲಾಂಡ್ರಿಗೆ ಹಾಕಿದರು.

ಕೋಣೆ ಹೇಗೋ ಒಂದು ದಾರಿಗೆ ಬಂತು. ಹೋಗುವ ಮೊದಲು ಮಾವ ಪಕ್ಕದ ಗೋಡೆಗೆ ಬಾಗಿಲಿರುವ ಎರಡು ಕಪಾಟು ಮಾಡಿಸಿದ್ದರು. ಒಂದರಲ್ಲಿ ಹೆಡ್ ನರ್ಸ್ ಪೂಜಿಸುವ ದೇವರ ಮೂರ್ತಿ, ಇನ್ನೊಂದರಲ್ಲಿ ಮರಿಯಮ್ಮ. ಬೇಕಾದವರು ತೆರೆಯುತ್ತಾರೆ, ಮುಗಿದ ಮೇಲೆ ಮುಚ್ಚುತ್ತಾರೆ. ದೇವರನ್ನು ಬೀರುವಿನಲ್ಲಿ ಕೂಡಿಹಾಕುವುದೇ ಎಂದು ಹೆಡ್ ನರ್ಸ್ ಮೊದಲು ರೇಗಿದರು. ಆಮೇಲೆ, ದೇವಸ್ಥಾನದಲ್ಲೂ ಮಧ್ಯಾಹ್ನ ಬಾಗಿಲು ಹಾಕುತ್ತಾರಲ್ಲ ಎಂದು ತಾವೇ ಸಮಾಧಾನ ಮಾಡಿಕೊಂಡರು. ಎದುರು ಗೋಡೆ ಬೋಳು, ಚಾವಣಿಯಲ್ಲಿ ದಿಕ್ಕು ತೋರಿಸುವ ಒಂದು ಬಾಣ. ಸಾಹೇಬರು ಎರಡೂ ಕಪಾಟಿನ ಚಿಲಕ ಎಳೆದು ನೋಡಿ ಜಾನಮಾಜು ಹಾಸುತ್ತಾರೆ. ಎಕ್ಸ್‌ರೇಯವನು ಮಾತ್ರ, ಮುಚ್ಚಿದ್ದರೂ ಒಳಗೆ ಇರುವುದು ಗೊತ್ತಲ್ಲ ಎಂದು, ತನ್ನ ಕೋಣೆಯ ಕತ್ತಲಲ್ಲೇ ಪ್ರಾರ್ಥನೆ ಮಾಡುತ್ತಾನೆ.

ಮಾವ ಲಾಂಡ್ರಿಯಿಂದ ದಿನಕ್ಕೊಮ್ಮೆ ಮೇಲೆ ಬಂದು ಆ ಕೋಣೆಯಲ್ಲಿ ಕೂರುತ್ತಿದ್ದರು. ಕಪಾಟನ್ನೂ ತೆರೆಯುತ್ತಿರಲಿಲ್ಲ, ಬಾಣವನ್ನೂ ನೋಡುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದೆ, "ಅಲ್ಲಿ ಕೂತು ಏನ್ ಮಾಡ್ತೀಯ ಮಾವ?"

"ಸುಮ್ನೆ ಕೂತಿರ್ತೀನಿ ಕಣೆ. ಕೆಳಗೆ ಇಸ್ತ್ರಿ ಬಿಸಿಗೆ ಬೆಂದುಹೋಗ್ತೀನಿ, ಅಲ್ಲಿ ಎಸಿ ಚೆನ್ನಾಗಿದೆ."